ಒಂದು ಸೋಮವಾರದ ಬೆಲೆ 2.7 ಲಕ್ಷ

2009ರ ಆರಂಭದಲ್ಲಿ ಷೇರುಪೇಟೆಗೆ ಹಣ ಹಾಕಲು ಯಾರಿಗೂ ಧೈರ್ಯವಿರಲಿಲ್ಲ. ಹಿಂದಿನ ವರ್ಷ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ 9,647ಕ್ಕೆ ಇಳಿದಿತ್ತು. ಜನವರಿಯಲ್ಲಿ ಸತ್ಯಂ ಹಗರಣ ಹೊರಬಿತ್ತು. ‘ಇನ್ನೂ ಬೀಳುತ್ತದೆ, ಆಗ ಕೊಳ್ಳೋಣ’ ಎಂದು ಹಣವನ್ನು ಬ್ಯಾಂಕಿನಲ್ಲೇ ಇಟ್ಟುಕೊಂಡವರ ಲೆಕ್ಕ ತಪ್ಪಲಿಲ್ಲ. ಮಾರ್ಚ್ 9ರಂದು ಸೂಚ್ಯಂಕ 8,160ಕ್ಕೆ ಕುಸಿಯಿತು. ಆದರೆ ಅದೇ ತಳ ಎಂದು ಅಂದು ಹೇಳುವವರು ಯಾರಿದ್ದರು? ಕಾಯುತ್ತಿದ್ದವರಿಗೆ ಆ ಕುಸಿತ ಮತ್ತಷ್ಟು ಕಾಯಲು ಕಾರಣವಾಯಿತು.

ಮೇ 16ರ ಶನಿವಾರ ಲೋಕಸಭೆ ಚುನಾವಣೆಯ ಫಲಿತಾಂಶ ಬಂತು. ಅತಂತ್ರ ಸರ್ಕಾರದ ಭಯ ಹೋಯಿತು. ಸೋಮವಾರ ಪೇಟೆ ತೆರೆದ ಕ್ಷಣಗಳಲ್ಲೇ ಸೂಚ್ಯಂಕ ಮೇಲಿನ ಸರ್ಕ್ಯೂಟ್ ಮಿತಿಗೆ ತಾಗಿ ವಹಿವಾಟು ನಿಂತಿತು. ಎರಡು ಗಂಟೆಯ ಬಳಿಕ ತೆರೆದಾಗಲೂ ಅದೇ ಕಥೆ. ಆ ದಿನದ ಬಾಗಿಲು ಅಲ್ಲಿಗೇ ಮುಚ್ಚಿತು. ಶುಕ್ರವಾರ 12,173ರಲ್ಲಿದ್ದ ಸೆನ್ಸೆಕ್ಸ್ 14,284ಕ್ಕೆ ನಿಂತಿತ್ತು. ಒಂದೇ ದಿನಕ್ಕೆ ಶೇ. 17 ಏರಿಕೆ. ಕೊಳ್ಳಬೇಕೆಂದು ಓಡಿಬಂದವರಿಗೂ ಷೇರು ಸಿಗಲಿಲ್ಲ.

ವರ್ಷದ ಮೊದಲಿಗೆ ಸೆನ್ಸೆಕ್ಸ್ ಷೇರುಗಳಲ್ಲಿ ಹತ್ತು ಲಕ್ಷ ಹಾಕಿ ಸುಮ್ಮನಿದ್ದವರ ಹಣ ವರ್ಷದ ಕೊನೆಗೆ, ಡಿವಿಡೆಂಡ್ ಬಿಟ್ಟು, ಸುಮಾರು 18.1 ಲಕ್ಷ ಆಯಿತು. ಆ ಸೋಮವಾರ ಒಂದನ್ನು ತಪ್ಪಿಸಿಕೊಂಡಿದ್ದರೆ 15.4 ಲಕ್ಷ. ಇಡೀ ವರ್ಷ ಹೊರಗೇ ಇದ್ದವರಿಗೆ ಸಿಕ್ಕಿದ್ದು ಬ್ಯಾಂಕಿನ ಬಡ್ಡಿ ಮಾತ್ರ.

‘ಕೆಟ್ಟ ದಿನಗಳನ್ನು ತಪ್ಪಿಸಿಕೊಂಡರೂ ಅಷ್ಟೇ ಲಾಭವಲ್ಲವೇ?’ ಎಂದು ಕೇಳಬಹುದು. ನಿಜವೇ. ತೊಂದರೆಯೆಂದರೆ ಒಳ್ಳೆಯ ದಿನ, ಕೆಟ್ಟ ದಿನಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಭಯ ಹೆಚ್ಚಿದಾಗಲೇ ಬೆಲೆಗಳು ಎರಡೂ ಕಡೆಗೆ ಜೋರಾಗಿ ಓಲಾಡುವುದು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಶೇ. 13 ಬಿತ್ತು. ಎರಡೇ ದಿನದ ಬಳಿಕ ಒಂದೇ ದಿನಕ್ಕೆ ಸುಮಾರು ಶೇ. 7, ಏಪ್ರಿಲ್ 7ರಂದು ಸುಮಾರು ಶೇ. 9 ಏರಿತು. ಲಾಕ್‌ಡೌನ್ ಸುದ್ದಿಯ ನಡುವೆ ಮೊದಲನೆಯದಕ್ಕೆ ಹೊರಗಿದ್ದು, ಉಳಿದೆರಡಕ್ಕೆ ಒಳಗೆ ಬಂದವರು ವಿರಳ.

ಕಾಯುವವರು ಗೆಲ್ಲುವುದೇ ಇಲ್ಲವೆಂದಲ್ಲ. ಪೇಟೆ ತಾವು ಕಾಯತೊಡಗಿದ ಮಟ್ಟಕ್ಕಿಂತ ಕೆಳಗಿಳಿಯಬೇಕು, ಇಳಿದ ದಿನ ಕೊಳ್ಳುವ ಧೈರ್ಯವೂ ಇರಬೇಕು. ಮೊದಲನೆಯದು ಹಲವು ಬಾರಿ ಆಗುವುದಿಲ್ಲ, ಎರಡನೆಯದು ಇನ್ನೂ ಅಪರೂಪ.

ಮೂರ್ನಾಲ್ಕು ವರ್ಷದೊಳಗೆ ಮಗಳ ಮದುವೆಗೋ ಮನೆಗೋ ಬೇಕಾದ ಹಣ ಷೇರಿಗೆ ಹೋಗಲೇಬಾರದು. ಹತ್ತು ವರ್ಷ ಮುಟ್ಟದ ಹಣವಾದರೆ, ಒಟ್ಟಿಗೆ ಹಾಕಲು ಅಂಜಿಕೆಯಿದ್ದವರು ತಿಂಗಳ ಕಂತುಗಳಲ್ಲಿ ಹಾಕಿ, ಕೊನೆಯ ಕಂತಿನ ತಾರೀಖನ್ನು ಈಗಲೇ ಗೊತ್ತುಮಾಡಿಕೊಳ್ಳಿ. 2009ರ ಮೇ 15ರಂದು ‘ಇನ್ನಷ್ಟು ಇಳಿಯಲಿ’ ಎಂದುಕೊಂಡವರಿಗೆ 12,173ರ ಸೆನ್ಸೆಕ್ಸ್ ಮತ್ತೆ ಸಿಗಲೇ ಇಲ್ಲ.