ಒಂದು ಪುಟದ ಕೋಷ್ಟಕಕ್ಕೆ ಮೊಬೈಲ್ ಸಾಕೇ?



ಮುಂಬಯಿಯ ನಮ್ಮ ಸಂಘಗಳಲ್ಲಿ ವಾರ್ಷಿಕ ಮಹಾಸಭೆ ಹತ್ತಿರ ಬಂತೆಂದರೆ ಕಾರ್ಯದರ್ಶಿಗಳ ಕಣ್ಣು ಮೊದಲು ಬೀಳುವುದು ನಿಮ್ಮ ಮೇಲೆ. “ನಿನಗೆ ಕಂಪ್ಯೂಟರ್ ಗೊತ್ತಲ್ಲ ಮಾರಾಯ, ಹಳೆಯ ವರದಿಯ ಈ ಒಂದು ಪುಟವನ್ನು ಎಕ್ಸೆಲ್‌ಗೆ ಹಾಕಿ ಕೊಡು” ಎಂದು ಹೇಳಿ ಅವರು ಹೊರಟುಹೋಗುತ್ತಾರೆ. ವರ್ಷಕ್ಕೆ ಎರಡೋ ಮೂರೋ ಬಾರಿ ಬರುವ ಕೆಲಸ ಇದು. ಇದಕ್ಕೆ ಮೊಬೈಲಿನಲ್ಲೇ ಇರುವ ಸ್ಕ್ಯಾನರ್ ಸಾಕೋ, ಕೋಷ್ಟಕ ತೆಗೆಯಲೆಂದೇ ಇರುವ ತಂತ್ರಾಂಶ ಬೇಕೋ ಎಂಬ ಪ್ರಶ್ನೆ ಆಗ ನಿಮಗೆ ಏಳುತ್ತದೆ.

ಉತ್ತರವು ಕೋಷ್ಟಕ ಎಷ್ಟು ದೊಡ್ಡದೆಂಬುದಕ್ಕಿಂತ ಹೆಚ್ಚಾಗಿ ಅದು ಎಲ್ಲಿಂದ ಬಂದಿದೆ ಎಂಬುದನ್ನು ಅವಲಂಬಿಸಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅಷ್ಟು ಹಳೆಯ ಸಂಸ್ಥೆಗಳಿರುವ ಊರಿನಲ್ಲಿ ಟೈಪ್‌ರೈಟರಿನ ಹಾಳೆ, ಅಚ್ಚುಮೊಳೆಯ ಪುಸ್ತಕ, ಇಂದಿನ ಪಿಡಿಎಫ್ ಕಡತ, ಯಾವುದು ಬೇಕಾದರೂ ನಿಮ್ಮ ಕೈಗೆ ಬರಬಹುದು.

ಕೈಗೆ ಬಂದದ್ದು ಕಾಗದವಾದರೆ ಯೋಚನೆಯೇ ಬೇಡ, ಮೊಬೈಲನ್ನೇ ಹಿಡಿಯಿರಿ. ಪಿಡಿಎಫ್ ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಕೋಷ್ಟಕದ ಒಂದು ಸಾಲನ್ನು ಬೆರಳಿನಿಂದಲೋ ಮೌಸ್‌ನಿಂದಲೋ ಆಯ್ದು, ನಕಲು ಮಾಡಿ, ಬೇರೆಡೆ ಅಂಟಿಸಿ ನೋಡಿ. ಅಕ್ಷರಗಳು ಸರಿಯಾಗಿ ಬಂದರೆ ಆ ಕಡತದೊಳಗೆ ನಿಜವಾದ ಪಠ್ಯವಿದೆ. ಏನನ್ನೂ ಆಯಲು ಬರದಿದ್ದರೆ ಅದು ಪಿಡಿಎಫ್ ಹೊದಿಕೆಯ ಚಿತ್ರ ಮಾತ್ರ. ಪರದೆಯ ಮೇಲೆ ಚೆಂದದ ಕನ್ನಡ ಕಂಡು, ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ, ಅದನ್ನು ಯುನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿಯಂಥ ಫಾಂಟಿನಲ್ಲಿ ಜೋಡಿಸಿದ್ದಾರೆಂದು ತಿಳಿಯಿರಿ. ಅದನ್ನೂ ಚಿತ್ರವೆಂದೇ ಭಾವಿಸಿ ಮೊಬೈಲಿನಲ್ಲಿ ಓದಿಸಬೇಕು.

ಈ ಪರೀಕ್ಷೆ ಏಕೆಂದರೆ, ಕೋಷ್ಟಕಕ್ಕೆಂದೇ ಇರುವ ಉಚಿತ ತಂತ್ರಾಂಶಗಳಲ್ಲಿ ಹೆಸರಾದ ಟ್ಯಾಬುಲಾ ಪಠ್ಯವಿರುವ ಪಿಡಿಎಫ್‌ಗಳನ್ನು ಮಾತ್ರ ಓದಬಲ್ಲದು. ಸ್ಕ್ಯಾನ್ ಮಾಡಿದ ಹಾಳೆಯ ಮುಂದೆ ಅದು ಕುರುಡು. ಪಠ್ಯವಿದ್ದರೆ ಮಾತ್ರ ಅದರ ಕೆಲಸ ಅಚ್ಚುಕಟ್ಟು. ಕೋಷ್ಟಕದ ಸುತ್ತ ಚೌಕ ಎಳೆದರೆ ಸಾಲು, ಕಾಲಂಗಳನ್ನು ಬೇರ್ಪಡಿಸಿ ಎಕ್ಸೆಲ್ ತೆರೆಯಬಲ್ಲ ಕಡತವನ್ನು ಕೊಡುತ್ತದೆ. ಅದು ಅಂಕಿಗಳನ್ನು ಕಣ್ಣಿಟ್ಟು ಊಹಿಸುವುದಿಲ್ಲ, ಕಡತದಲ್ಲಿ ಇದ್ದಂತೆಯೇ ಎತ್ತುತ್ತದೆ. ಹಾಗಾಗಿ 7 ಇದ್ದದ್ದು 1 ಆಗುವ ಭಯವಿಲ್ಲ. ಒಂದೇ ರೀತಿಯ ಹತ್ತಿಪ್ಪತ್ತು ಪುಟಗಳಿದ್ದರೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಶ್ರಮ ಸಾರ್ಥಕ. ಹತ್ತು ಸಾಲಿನ ಒಂದೇ ಕೋಷ್ಟಕವಾದರೆ ತಂತ್ರಾಂಶ ಇಳಿಸಿ ಕಲಿಯುವುದರೊಳಗೆ ಕೈಯಿಂದಲೇ ಟೈಪ್ ಮಾಡಿ ಮುಗಿಸಬಹುದು.

ಇನ್ನು ಮೊಬೈಲ್. ಅದರ ಸ್ಕ್ಯಾನರ್ ನಿಜವಾಗಿ ಮಾಡುವುದು ಹಾಳೆಯ ಅಂಚು ಗುರುತಿಸಿ, ಓರೆಯನ್ನು ನೇರ ಮಾಡಿ, ನೆರಳು ತೆಗೆದು ಒಳ್ಳೆಯ ಚಿತ್ರ ಕೊಡುವುದನ್ನು. ಅಕ್ಷರ ಓದುವುದು ಎರಡನೆಯ ಹಂತ. ಐಫೋನಿನಲ್ಲಿ ಲೈವ್ ಟೆಕ್ಸ್ಟ್, ಆಂಡ್ರಾಯ್ಡ್‌ನಲ್ಲಿ ಗೂಗಲ್ ಲೆನ್ಸ್ ಅದನ್ನು ಮಾಡುತ್ತವೆ. ಕನ್ನಡ ಅಕ್ಷರವಿದ್ದರೆ ಲೆನ್ಸ್ ಬಳಸಿ. ಆದರೆ ಹೀಗೆ ನಕಲು ಮಾಡಿದಾಗ ಬರುವುದು ಸಾಲುಸಾಲಾದ ಪಠ್ಯ, ಕೋಷ್ಟಕದ ಮನೆಗಳು ಉಳಿಯುವುದಿಲ್ಲ. ಆದ್ದರಿಂದ ಒಂದೊಂದು ಕಾಲಂ ಮಾತ್ರ ಕಾಣುವಂತೆ ಚಿತ್ರವನ್ನು ಕತ್ತರಿಸಿ, ಒಂದೊಂದಾಗಿ ಅಂಟಿಸುವುದು ಸುಲಭದ ದಾರಿ. ಇಂಗ್ಲಿಷ್ ಕೋಷ್ಟಕವಾದರೆ ಮೊಬೈಲಿನ ಎಕ್ಸೆಲ್‌ನಲ್ಲಿರುವ Data from Picture ಎಂಬ ಸೌಲಭ್ಯ ಮನೆಗಳ ಸಮೇತ ಓದಿ, ಅನುಮಾನವಿರುವ ಮನೆಗಳನ್ನು ನಿಮಗೆ ತೋರಿಸಿ ಕೇಳುತ್ತದೆ.

ಒಂದು ಉದಾಹರಣೆ ನೋಡೋಣ. ಸಂಘವೊಂದರ ವಿದ್ಯಾನಿಧಿಯ ಪುಟ ಹೀಗಿದೆ ಎಂದಿಟ್ಟುಕೊಳ್ಳಿ. ಅಂಕಿಗಳು ಕೇವಲ ಕಲ್ಪಿತ.

| ವಿಭಾಗ | ದೇಣಿಗೆ | ನೀಡಿದ ನೆರವು |
|---|---|---|
| ಮಾಟುಂಗಾ | 18,500 | 12,000 |
| ಘಾಟ್ಕೋಪರ್ | 9,750 | 6,000 |
| ಮುಲುಂಡ್ | 11,200 | |
| ಥಾಣೆ | 7,600 | 4,500 |
| ಡೊಂಬಿವಲಿ | 14,350 | 9,000 |
| ಅಂಧೇರಿ | 12,500 | 8,000 |
| ಒಟ್ಟು | 73,900 | 39,500 |

ವಿಭಾಗಗಳ ಆರು ಸಾಲುಗಳನ್ನು ಮಾತ್ರ ಅಂಟಿಸಿ. ಪುಟದಲ್ಲಿರುವ ಒಟ್ಟು ಮೊತ್ತವನ್ನು ನಕಲು ಮಾಡದೆ ಎಕ್ಸೆಲ್‌ನಿಂದಲೇ ಕೂಡಿಸಿರಿ.

```
=SUM(B2:B7)
```

ಬಂದ ಉತ್ತರ 73,900 ಆಗಿದ್ದರೆ ಸಂತೋಷ. 73,300 ಬಂದರೆ 600 ಕಡಿಮೆ. 7 ಅನ್ನು 1 ಎಂದು ಓದುವುದು ಈ ಯಂತ್ರಗಳ ಹಳೆಯ ಚಾಳಿ, ಅವೆರಡರ ಅಂತರ 6. ಹಾಗಾಗಿ ನೂರರ ಸ್ಥಾನದಲ್ಲಿ 7 ಇರುವ ಸಾಲನ್ನು ಹುಡುಕಿದರೆ ಘಾಟ್ಕೋಪರಿನ 9,750 ಎಂಬುದು 9,150 ಆಗಿರುವುದು ಸಿಕ್ಕೀತು. ಮೊತ್ತದಲ್ಲಿ ದಶಾಂಶ ಬಂದು 61,412.5 ಎಂದಾದರೆ ಅಲ್ಪವಿರಾಮವನ್ನು ಬಿಂದುವೆಂದು ಓದಿ 12,500 ಅನ್ನು 12.5 ಮಾಡಿದೆ ಎಂದರ್ಥ. ಕೈಯಿಂದ ಟೈಪ್ ಮಾಡಿದವರಿಗೆ ನಮ್ಮ ಹಿರಿಯ ಗುಮಾಸ್ತರ ಸೂತ್ರವೊಂದಿದೆ: ವ್ಯತ್ಯಾಸ 9ರಿಂದ ಭಾಗವಾದರೆ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರಬಹುದು. 7,600 ಬದಲು 6,700 ಬರೆದರೆ ವ್ಯತ್ಯಾಸ 900.

ಹಳೆಯ ವರದಿಗಳಲ್ಲಿ ೧, ೨, ೩ ಎಂಬ ಕನ್ನಡ ಅಂಕಿಗಳಿರುವುದುಂಟು. ಅವನ್ನು ಹಾಗೆಯೇ ಅಂಟಿಸಿದರೆ ಎಕ್ಸೆಲ್ ಸಂಖ್ಯೆಯೆಂದು ಒಪ್ಪದೆ ಪಠ್ಯವೆಂದು ಬಗೆದು ಮೊತ್ತದಿಂದ ಬಿಟ್ಟುಬಿಡಬಹುದು. ಮನೆಯ ಎಡಗಡೆಗೆ ಅಂಟಿ ನಿಂತದ್ದು ಪಠ್ಯ, ಬಲಗಡೆಗೆ ನಿಂತದ್ದು ಸಂಖ್ಯೆ ಎಂಬುದು ಗುರುತು. ಎಡಕ್ಕೆ ನಿಂತವನ್ನು ಇಂಗ್ಲಿಷ್ ಅಂಕಿಗಳಲ್ಲಿ ಮತ್ತೆ ಬರೆಯಿರಿ.

ಆದರೆ ಮೊತ್ತ ಸರಿಬಂದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಬೇಡಿ. ಮೂರನೆಯ ಕಾಲಂನಲ್ಲಿ ಮುಲುಂಡ್ ಮುಂದೆ ಖಾಲಿ ಇದೆ. ಮೊಬೈಲ್ ಖಾಲಿ ಜಾಗವನ್ನು ಓದುವುದಿಲ್ಲ, ಐದು ಅಂಕಿಗಳನ್ನಷ್ಟೇ ಕೊಡುತ್ತದೆ. ಅವನ್ನು ಅಂಟಿಸಿದಾಗ ಥಾಣೆಯ 4,500 ಮುಲುಂಡಿಗೆ ಏರುತ್ತದೆ, ಡೊಂಬಿವಲಿಯ 9,000 ಥಾಣೆಗೆ, ಅಂಧೇರಿಯ 8,000 ಡೊಂಬಿವಲಿಗೆ ಹೋಗಿ ಅಂಧೇರಿ ಖಾಲಿಯಾಗುತ್ತದೆ. ಮೊತ್ತ ಮಾತ್ರ 39,500 ಎಂದೇ ನಗುತ್ತಿರುತ್ತದೆ! ಸಭೆಯಲ್ಲಿ ಅಂಧೇರಿಯ ಹಿರಿಯರೊಬ್ಬರು ಎದ್ದು “ನಮ್ಮ ಮಕ್ಕಳಿಗೆ ಕೊಟ್ಟ ನೆರವು ಎಲ್ಲಿ?” ಎಂದು ಕೇಳಿದರೆ ಕಾರ್ಯದರ್ಶಿಗಳು ತಲೆ ತಗ್ಗಿಸಬೇಕಾದೀತು.

ಇದಕ್ಕೆ ಪರಿಹಾರ ಸುಲಭ. ಸ್ಕ್ಯಾನ್ ಮಾಡುವ ಮೊದಲು ಹಾಳೆಯ ಝೆರಾಕ್ಸ್ ತೆಗೆದು, ಖಾಲಿ ಮನೆಗಳಲ್ಲಿ ದಪ್ಪ ಪೆನ್ನಿನಿಂದ 0 ಬರೆಯಿರಿ. ಮೂಲ ಪುಟದ ಮೇಲೆ ಬರೆಯಬೇಡಿ. ಅಂಟಿಸಿದ ನಂತರ ಪ್ರತಿ ಕಾಲಂನಲ್ಲೂ ಆರು ಅಂಕಿಗಳಿವೆಯೇ ಎಂದು ಎಣಿಸಿ, ಆಮೇಲೆ ಮನೆಯವರೊಬ್ಬರಿಗೆ ಮೂಲ ಪುಟವನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದಲು ಹೇಳಿ, ನೀವು ಪರದೆ ನೋಡಿ. ಅಮ್ಮನೋ ಅಜ್ಜನೋ ಓದಿದರೆ ಕನ್ನಡ ಅಂಕಿಗಳ ಕಷ್ಟವೂ ಕಳೆಯುತ್ತದೆ. ಆರು ಸಾಲಿಗೆ ಎರಡು ನಿಮಿಷವೂ ಬೇಡ.

ಇನ್ನೊಂದು ಮಾತು. ಪಿಡಿಎಫ್ ಹಾಕಿದರೆ ಎಕ್ಸೆಲ್ ಮಾಡಿಕೊಡುವ ಉಚಿತ ಜಾಲತಾಣಗಳಿವೆ. ದಾನಿಗಳ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ವಿಳಾಸವಿರುವ ಹಾಳೆಯನ್ನು ಅಲ್ಲಿಗೆ ಕಳುಹಿಸಬೇಡಿ. ಟ್ಯಾಬುಲಾ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದರಿಂದ ಕಡತ ಹೊರಗೆ ಹೋಗುವುದಿಲ್ಲ.

ಕಾಗದದ ಮೇಲಿನ ಒಂದೆರಡು ಪುಟಕ್ಕೆ ಮೊಬೈಲ್ ಸಾಕು. ಪಠ್ಯವಿರುವ ಪಿಡಿಎಫ್‌ನ ಹಲವು ಪುಟಗಳಿಗೆ ಟ್ಯಾಬುಲಾ. ಐದಾರು ಸಾಲಿನದಕ್ಕೆ ನಿಮ್ಮ ಹತ್ತು ಬೆರಳುಗಳೇ ಲೇಸು. ಯಾವ ದಾರಿ ಹಿಡಿದರೂ ಕಾಲಂನ ಮೊತ್ತವನ್ನೂ ಸಾಲಿನ ಹೆಸರನ್ನೂ ಮೂಲ ಪುಟದೊಡನೆ ತಾಳೆ ನೋಡಿದ ಮೇಲೆಯೇ ಕಡತವನ್ನು ಕಾರ್ಯದರ್ಶಿಗಳಿಗೆ ಕಳುಹಿಸಿ.