ಚೀಲದ ಮೇಲಿನ 34

2024ರ ಡಿಸೆಂಬರ್ 9ರ ಬೆಳಿಗ್ಗೆ ತಾಂಬರಂನಿಂದ ಭಾವ ಒಂದು ಫೋಟೋ ಕಳಿಸಿದರು. ಅಂಗಡಿಯ ಗೋಡೆಗೆ ಒರಗಿಸಿದ ಸಿಮೆಂಟ್ ಚೀಲ. ಅದರ ಬೆನ್ನಿಗೇ ಫೋನೂ ಬಂತು. "ನೋಡಪ್ಪಾ, ಅಂಗಡಿಯವರು 53 ಗ್ರೇಡ್ ಅಂತಾರೆ. ಚೀಲದ ಅಂಚಿನಲ್ಲಿ ನೋಡಿದ್ರೆ 34 ಅಂತಿದೆ. ಯಾವುದನ್ನ ನಂಬೋದು?"

ಫೋಟೋ ಹಿಗ್ಗಿಸಿ ನೋಡಿದೆ. 53 ಚೀಲದ ಮೇಲೆ ಎಲ್ಲೂ ಇರಲಿಲ್ಲ. 34 ಇತ್ತು, ಆದರೆ ಅದು ಗ್ರೇಡ್ ಅಲ್ಲ.

ಸಿಮೆಂಟ್ ಚೀಲದ ಮೇಲೆ ಎರಡು ಬಗೆಯ ಅಚ್ಚು ಇರುತ್ತದೆ. ಕಂಪನಿಯ ಹೆಸರು, ದೊಡ್ಡ ಚಿತ್ರ, ಸಿಮೆಂಟಿನ ಬಗೆ, ಐಎಸ್‌ಐ ಗುರುತು ಇವೆಲ್ಲ ಚೀಲ ತಯಾರಾಗುವಾಗಲೇ ಬಣ್ಣದಲ್ಲಿ ಅಚ್ಚಾಗಿರುತ್ತವೆ. ಒಳಗೆ ಸಿಮೆಂಟ್ ತುಂಬಿದ ಮೇಲೆ ಯಂತ್ರವೊಂದು ಚೀಲದ ಅಂಚಿಗೋ ಬದಿಗೋ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಒಂದು ಸಾಲು ಹೊಡೆಯುತ್ತದೆ. ಅಂಗಡಿಯವರು ಕಳಿಸುವ ಫೋಟೋದಲ್ಲಿ ಸಾಮಾನ್ಯವಾಗಿ ಚೀಲದ ಮುಖವಷ್ಟೇ ಇರುತ್ತದೆ. ನಮಗೆ ಬೇಕಾದ ಅರ್ಧ ವಿಷಯ ಆ ಮಾಸಲು ಸಾಲಿನಲ್ಲಿರುತ್ತದೆ. ಭಾವನ ಫೋಟೋದಲ್ಲಿ ಅದೃಷ್ಟಕ್ಕೆ ಅಂಚೂ ಸಿಕ್ಕಿತ್ತು.

ಮೊದಲು ಬಗೆ ನೋಡೋಣ. ಐಎಸ್‌ಐ ಗುರುತಿನ ನೆತ್ತಿಯ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದು 269 ಆದರೆ ಒಳಗಿರುವುದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ಒಪಿಸಿ. 1489 ಆದರೆ ಪೊಝೊಲಾನಾ ಸಿಮೆಂಟ್, ಎಂದರೆ ಪಿಪಿಸಿ. 455 ಆದರೆ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಪಿಎಸ್‌ಸಿ. ಚೀಲದ ಮುಖದಲ್ಲಿ 'ಸೂಪರ್', 'ಪವರ್', 'ಕಾಂಕ್ರೀಟ್ ಸ್ಪೆಷಲ್' ಅಂತ ಏನೇ ಬರೆದಿರಲಿ, ನಾನು ಓದುವುದು ಈ ಸಂಖ್ಯೆಯನ್ನು. ಭಾವನ ಚೀಲದಲ್ಲಿದ್ದದ್ದು 1489 ಭಾಗ 1, ಅಂದರೆ ಹಾರುಬೂದಿ ಬೆರೆಸಿದ ಪಿಪಿಸಿ. ಬೂದಿ ಶೇಕಡಾ ಎಷ್ಟು ಎನ್ನುವುದನ್ನೂ ಚೀಲದ ಮೇಲೆ ಹಾಕಿರುತ್ತಾರೆ. 15ರಿಂದ 35ರವರೆಗೆ ಬೆರೆಸಲು ಅವಕಾಶವಿದೆ.

ಹಾಗಾದರೆ 53 ಎಲ್ಲಿಂದ ಬಂತು? ಅದು ಒಪಿಸಿಯ ಲೆಕ್ಕ. ಆ ಲೆಕ್ಕ ಹುಟ್ಟುವುದಕ್ಕೆ ಚೆನ್ನೈನದೇ ಮರಳು ಬೇಕು. ದೇಶದ ಯಾವ ಲ್ಯಾಬಿನಲ್ಲೇ ಸಿಮೆಂಟಿನ ಬಲ ಅಳೆಯಲಿ, ಬಳಸುವುದು ಎನ್ನೋರ್ ಮರಳನ್ನು. ನಗರದ ಉತ್ತರಕ್ಕಿರುವ ಆ ಕಡಲತೀರದ ಹೆಸರಿನಲ್ಲೇ ಭಾರತದ ಪ್ರಮಾಣಿತ ಮರಳು ಪ್ರಸಿದ್ಧ. 200 ಗ್ರಾಂ ಸಿಮೆಂಟಿಗೆ ಈ ಮರಳು 600 ಗ್ರಾಂ ಹಾಕಿ, ನೀರು ಬೆರೆಸಿ, 70.6 ಮಿಲಿಮೀಟರ್ ಅಳತೆಯ ಪುಟ್ಟ ಘನ ಎರೆಯುತ್ತಾರೆ. ಮರುದಿನ ಅಚ್ಚು ಬಿಚ್ಚಿ ಅದನ್ನು ನೀರಿನಲ್ಲಿ ಇಡುತ್ತಾರೆ. 28 ದಿನವಾದ ಮೇಲೆ ಯಂತ್ರಕ್ಕೆ ಕೊಟ್ಟು ಅದು ಒಡೆಯುವವರೆಗೆ ಅದುಮುತ್ತಾರೆ. ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ತಡೆದರೆ ಅದು 53 ಗ್ರೇಡ್. ಅಂಗೈಯಲ್ಲಿ ಹಿಡಿಸುವ ಆ ಗಟ್ಟಿಯ ಮೇಲೆ ಆಗ ಬೀಳುವ ಭಾರ ಸುಮಾರು 27 ಟನ್, ಐದಾರು ಗಂಡಾನೆಗಳ ತೂಕ.

ಪಿಪಿಸಿಗೆ ಇಂಥ ಗ್ರೇಡುಗಳೇ ಇಲ್ಲ. 28 ದಿನಕ್ಕೆ ಕನಿಷ್ಠ 33 ಇರಬೇಕು ಎಂಬ ಒಂದೇ ನಿಯಮ. ಆದ್ದರಿಂದ "53 ಗ್ರೇಡ್ ಪಿಪಿಸಿ" ಎಂದು ಯಾರಾದರೂ ಹೇಳಿದರೆ ಅದು ಅಂಗಡಿಯ ಮಾತು, ಮಾನಕದ ಮಾತಲ್ಲ. ಹಾಗಂತ ಭಾವ ಚೀಲ ಬೇಡವೆನ್ನಬೇಕಿರಲಿಲ್ಲ. ತಾಂಬರಂನಲ್ಲಿ ಎರಡಂತಸ್ತಿನ ಮನೆಗೆ ನಾನೇ ಪಿಪಿಸಿ ಹೇಳುತ್ತಿದ್ದೆ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಡುತ್ತದೆ. ಹಾರುಬೂದಿ ನಿಧಾನಕ್ಕೆ ಆ ಸುಣ್ಣದ ಜೊತೆ ಸೇರಿ ಕಾಂಕ್ರೀಟಿನ ಒಳಗಿನ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಕಡಲ ಉಪ್ಪು ಕಂಬಿಯವರೆಗೆ ಇಳಿಯುವುದು ಆಗ ಕಷ್ಟ. ಬಿಸಿಯೂ ಕಡಿಮೆ ಏಳುತ್ತದೆ, ಚೆನ್ನೈ ಬಿಸಿಲಿನಲ್ಲಿ ಅದು ಸಣ್ಣ ಲಾಭವಲ್ಲ. ಆದರೆ ಪಿಪಿಸಿ ಮೊದಲ ದಿನಗಳಲ್ಲಿ ನಿಧಾನ. ಮೂರನೆಯ ದಿನಕ್ಕೆ 53 ಗ್ರೇಡಿನ ಒಪಿಸಿ ಕನಿಷ್ಠ 27 ತೋರಿಸಬೇಕು, ಪಿಪಿಸಿಗೆ 16 ಸಾಕು. 53 ಅಂತ ನಂಬಿಕೊಂಡ ಮೇಸ್ತ್ರಿ ಒಪಿಸಿಯ ಲೆಕ್ಕದಲ್ಲೇ ಮೋಲ್ಡಿನ ಸೆಂಟ್ರಿಂಗ್ ಬಿಚ್ಚಿಬಿಟ್ಟರೆ ಅಪಾಯ. ಬಗೆ ತಿಳಿದಿರಬೇಕು ಅನ್ನುವುದು ಇದಕ್ಕೇ. ಅದಕ್ಕೆ ತಕ್ಕಂತೆ ಬಿಚ್ಚುವ ದಿನವನ್ನು ಮುಂದೂಡಬೇಕು, ನೀರು ಹಾಯಿಸುವ ದಿನಗಳನ್ನು ಹೆಚ್ಚಿಸಬೇಕು.

ಈಗ 34ಕ್ಕೆ ಬರೋಣ. ಚುಕ್ಕಿ ಅಚ್ಚಿನ ಸಾಲಿನಲ್ಲಿ ಇದ್ದದ್ದು W-34, ಪಕ್ಕದಲ್ಲಿ ಮಸುಕಾದ ತಿಂಗಳು, ಆಮೇಲೆ 24. ವರ್ಷ 2024ರ 34ನೆಯ ವಾರ. ಇದು ಚೀಲ ತುಂಬಿದ ವಾರ. ಚೀಲಕ್ಕೆ ಬೀಳುವ ಮೊದಲು ಸಿಮೆಂಟ್ ಕಾರ್ಖಾನೆಯ ಗೋಪುರದಲ್ಲಿ ಎಷ್ಟು ದಿನವಿತ್ತು ಅನ್ನುವುದು ಇದರಲ್ಲಿ ಇಲ್ಲ, ಅದು ಅಷ್ಟು ಮುಖ್ಯವೂ ಅಲ್ಲ. ಚೀಲದೊಳಗಿನ ವಾಸವೇ ಸಿಮೆಂಟನ್ನು ಕೆಡಿಸುವುದು.

ಲೆಕ್ಕ ಸುಲಭ. ಡಿಸೆಂಬರ್ 9ರಂದು ವರ್ಷದ 50ನೆಯ ವಾರ ಶುರುವಾಗಿತ್ತು. 50ರಲ್ಲಿ 34 ಕಳೆದರೆ 16 ವಾರ. ಮೂರು ತಿಂಗಳು ಎಂದರೆ 13 ವಾರ. ತುಂಬಿ ಮೂರು ತಿಂಗಳು ದಾಟಿದ ಸಿಮೆಂಟನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು ಎಂದು ಮಾನಕವೇ ಹೇಳುತ್ತದೆ. ಹೊಸ ವರ್ಷಕ್ಕೆ ಕಾಲಿಟ್ಟ ಮೇಲೆ ಕೊಳ್ಳುವುದಾದರೆ 52 ಕೂಡಿಸಿಕೊಳ್ಳಬೇಕು. ಫೆಬ್ರವರಿಯಲ್ಲಿ, ವರ್ಷದ 6ನೆಯ ವಾರದಲ್ಲಿ W-46 ಚೀಲ ಸಿಕ್ಕಿದರೆ 58ರಲ್ಲಿ 46 ಕಳೆದು 12 ವಾರ. ಗಡಿಯೊಳಗಿದೆ, ಆದರೆ ಮುಂದಿನ ವಾರವೇ ಮುಗಿಸುವಷ್ಟು ಕೆಲಸವಿದ್ದರೆ ಮಾತ್ರ ತಗೊಳ್ಳಿ.

ಮೂರೇ ತಿಂಗಳು ಏಕೆ? 50 ಕಿಲೋ ಪಿಪಿಸಿಯ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಕಡಿಮೆಯೆಂದರೂ 15,000 ಚದರ ಮೀಟರ್, ಹೆಚ್ಚುಕಡಿಮೆ ಮೂರೂಮುಕ್ಕಾಲು ಎಕರೆ ಜಾಗ ಬೇಕು. ಒಂದು ಚೀಲದೊಳಗೆ ಮಡಿಚಿಟ್ಟ ಅಷ್ಟು ಮೈಯೂ ಗಾಳಿಯ ತೇವಕ್ಕೆ ಕಾದಿರುತ್ತದೆ. ನೇಯ್ದ ಪ್ಲಾಸ್ಟಿಕ್ ಚೀಲದ ಸಂದಿನಲ್ಲಿ ತೇವ ಒಳಗೆ ಹೋದಂತೆಲ್ಲ ಕಣದ ಹೊರಮೈ ಮೊದಲೇ ಗಟ್ಟಿಯಾಗುತ್ತದೆ. ಆಮೇಲೆ ನಾವು ಗಾರೆಗೆ ನೀರು ಹಾಕುವಾಗ ಪ್ರತಿಕ್ರಿಯಿಸಲು ಉಳಿದದ್ದು ಕಡಿಮೆ. ಭಾವ ತೋರಿಸಿದ ಚೀಲ ಆಗಸ್ಟಿನಲ್ಲಿ ತುಂಬಿದ್ದು. ಹಿಂಗಾರಿನ ಬಹುಪಾಲು ಕಳೆದಿತ್ತು, ಫೆಂಗಲ್ ಚಂಡಮಾರುತದ ಮಳೆ ಬಂದು ಹತ್ತು ದಿನವೂ ಆಗಿರಲಿಲ್ಲ. ಫೋಟೋದಲ್ಲಿ ಚೀಲದ ಬೆನ್ನು ನೇರ ಗೋಡೆಗೆ, ಬುಡ ನೇರ ನೆಲಕ್ಕೆ ತಾಗಿತ್ತು. ಹಲಗೆ ಕಾಣಲಿಲ್ಲ.

"ಭಾವ, ಇದು ಬೇಡ. ಬೇರೆ ಲೋಡಿಂದು ಕೇಳಿ. ಫೋಟೋದಲ್ಲಿ ಮುಖ ಒಂದು, ಅಂಚು ಒಂದು, ಹೊಲಿಗೆ ಒಂದು ಇರಲಿ" ಎಂದೆ.

ಹೊಲಿಗೆ ಕೇಳಿದ್ದಕ್ಕೆ ಕಾರಣವಿದೆ. ಯಂತ್ರ ಮುಚ್ಚಿದ ಬಾಯಿ ಎಲ್ಲ ಚೀಲದಲ್ಲೂ ಒಂದೇ ಥರ ಇರುತ್ತದೆ. ಕೈಹೊಲಿಗೆಯೋ ಬೇರೆ ಬಣ್ಣದ ದಾರವೋ ಕಂಡರೆ ಬಿಚ್ಚಿ ತುಂಬಿದ ಚೀಲವೆಂದು ಅನುಮಾನಿಸಬೇಕು. ಐಎಸ್‌ಐ ಗುರುತಿನ ಕೆಳಗೆ CM/L ಎಂದು ಶುರುವಾಗುವ ಪರವಾನಗಿ ಸಂಖ್ಯೆಯನ್ನು BIS CARE ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಾರ್ಖಾನೆಯದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಅಲ್ಲಿ ಬರುವ ಕಂಪನಿ, ಮಾನಕ ಎರಡೂ ಚೀಲದ ಮೇಲಿನದಕ್ಕೆ ಹೊಂದಬೇಕು.

ಫೋಟೋ ಹೇಳದ ವಿಷಯವೂ ಉಂಟು. ಒಳಗೆ ಗಂಟು ಕಟ್ಟಿದೆಯೇ ಎನ್ನುವುದು ಕೈಗೇ ಗೊತ್ತಾಗಬೇಕು. ಚೀಲದ ಮೂಲೆಗಳನ್ನು ಹಿಸುಕಿ ನೋಡಬೇಕು. ಅಟ್ಟಿಯ ಭಾರಕ್ಕೆ ಬಿಗಿದ ಸಿಮೆಂಟ್ ಉರುಳಿಸಿದರೆ ಸಡಿಲವಾಗುತ್ತದೆ. ತೇವ ಕುಡಿದು ಕಟ್ಟಿದ ಗಂಟು ಬೆರಳಿನಲ್ಲಿ ಪುಡಿಯಾಗುವುದಿಲ್ಲ. ಚಿಟಿಕೆ ಸಿಮೆಂಟನ್ನು ನೀರಿಗೆ ಹಾಕಿ ಮುಳುಗಿತೇ ತೇಲಿತೇ ಎಂದು ನೋಡುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ, ಹಳೆಯ ಸಿಮೆಂಟೂ ಚೆನ್ನಾಗಿಯೇ ಮುಳುಗುತ್ತದೆ.

ಸಂಜೆ ಇನ್ನೊಂದು ಅಂಗಡಿಯಿಂದ ಮೂರು ಫೋಟೋ ಬಂದವು. ಅದೇ 1489, W-48, ಹೊಲಿಗೆ ಸರಿ. ಎರಡು ವಾರದ ಸಿಮೆಂಟ್. ಭಾವ 40 ಮೂಟೆ ಇಳಿಸಿಕೊಂಡರು. ಹಲಗೆ ಹಾಸಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಹತ್ತರ ಎತ್ತರಕ್ಕೆ ಅಟ್ಟಿ ಹಾಕಿಸಿ, ಟಾರ್ಪಾಲು ಹೊದಿಸಿದ ಫೋಟೋ ರಾತ್ರಿ ಬಂತು. ಈ ಸಲ ಅಂಚಿನ ಸಾಲು ಅವರೇ ಓದಿ ಕಳಿಸಿದ್ದರು.