ಎಂಜಿನ್ನಿನ ಕಿವಿ ಮಂದವಾದಾಗ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತತೊಡಗಿದ ಒಂದು ಪುಟ್ಟ ಪೆಟ್ರೋಲ್ ಕಾರು. ಒಳಗೆ ಐದು ಜನ, ಡಿಕ್ಕಿಯಲ್ಲಿ ಎರಡು ತೆಂಗಿನಕಾಯಿ ಮೂಟೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಬಾನೆಟ್ಟಿನ ಒಳಗಿಂದ ಸಣ್ಣದೊಂದು ಸದ್ದು ಶುರುವಾಗುತ್ತದೆ. ಡಬ್ಬಿಯಲ್ಲಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ಸಡಿಲಿಸಿದರೆ ಸದ್ದಿಲ್ಲ, ಒತ್ತಿದರೆ ಮತ್ತೆ ಶುರು. ವಾರ ಕಳೆದು ಅದೇ ದಾರಿಯಲ್ಲಿ ಬಂದಾಗ ಸದ್ದು ಅಷ್ಟಾಗಿ ಕೇಳುವುದಿಲ್ಲ, ಆದರೆ ಪಿಕಪ್ ಇಲ್ಲ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೆಯದೇ ಬೇಕು. ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿರುತ್ತದೆ.

ಮೊದಲು ಸದ್ದು, ಆಮೇಲೆ ಸೋಲು, ಕೊನೆಗೆ ದೀಪ. ಈ ಮೂರೂ ಇದೇ ಕ್ರಮದಲ್ಲಿ ಯಾಕೆ ಬಂದವು ಎಂದು ತಿಳಿದರೆ ದೋಷದ ಜಾಗ ಅರ್ಧ ಸಿಕ್ಕಂತೆ.

ಸದ್ದಿನಿಂದಲೇ ಶುರು ಮಾಡೋಣ. ಸಿಲಿಂಡರಿನ ಒಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತ ಮೇಲೆ ಬರುತ್ತದೆ. ಅದು ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ. ಜ್ವಾಲೆ ಹರಡಲು ಸಮಯ ಬೇಕಲ್ಲ, ಅದಕ್ಕೆ. ಈ ‘ಸ್ವಲ್ಪ ಮೊದಲು’ ಎಂಬುದನ್ನು ಗ್ಯಾರೇಜಿನವರು ಟೈಮಿಂಗ್ ಅನ್ನುತ್ತಾರೆ, ಡಿಗ್ರಿಯಲ್ಲಿ ಅಳೆಯುತ್ತಾರೆ. ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುವಾಗ 15 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ಜ್ವಾಲೆ ಪ್ಲಗ್ಗಿನ ಬುಡದಿಂದ ಅಂಚಿನ ಕಡೆಗೆ ಸಾಗುತ್ತಿರುತ್ತದೆ. ದೂರದ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ, ಜ್ವಾಲೆ ಬರುವವರೆಗೆ ಕಾಯದೆ ತಾನೇ ಒಮ್ಮೆಗೇ ಹೊತ್ತಿಕೊಂಡರೆ, ಒತ್ತಡದ ಅಲೆಯೊಂದು ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಗಂಟೆಗೆ ಪೆಟ್ಟು ಕೊಟ್ಟಂತೆ ಲೋಹ ಮೊಳಗುತ್ತದೆ. ಸಾಧಾರಣ ಕಾರಿನ ಸಿಲಿಂಡರಿನ ಅಗಲಕ್ಕೆ ಆ ಮೊಳಗು ಸೆಕೆಂಡಿಗೆ ಸುಮಾರು 6ರಿಂದ 8 ಸಾವಿರ ಕಂಪನ. ಪಿಂಗಿಂಗ್, ನಾಕಿಂಗ್ ಎಂದು ಕರೆಯುವುದು ಇದನ್ನೇ.

ಏರಿನಲ್ಲೇ ಯಾಕೆ? ಕಾಲು ಒತ್ತಿದಷ್ಟೂ ಒಳಗೆ ಹೆಚ್ಚು ಗಾಳಿ ನುಗ್ಗುತ್ತದೆ, ಒತ್ತಡ ಏರುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನಿಧಾನ ತಿರುಗುತ್ತಿದ್ದರೆ ಮೂಲೆಯ ಮಿಶ್ರಣಕ್ಕೆ ತಾನೇ ಹೊತ್ತಿಕೊಳ್ಳಲು ಬೇಕಾದ ಬಿಡುವೂ ಸಿಗುತ್ತದೆ. ಎರಡೂ ಒಟ್ಟಿಗೆ ಕೂಡುವ ಜಾಗ ಘಾಟಿ. ಸದ್ದನ್ನು ಗುರುತಿಸುವುದಕ್ಕೂ ಇದೇ ದಾರಿ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಲೂ ಬರುವ ಟಕಟಕ ಟ್ಯಾಪೆಟ್ಟಿನದಿರಬಹುದು, ಸೈಲೆನ್ಸರ್ ಪೈಪಿನ ಮೇಲಿನ ತಗಡು ಸಡಿಲವಾದದ್ದಿರಬಹುದು. ಪಿಂಗಿಂಗ್ ಭಾರ ಬಿದ್ದಾಗ ಬರುತ್ತದೆ, ಭಾರ ಇಳಿದಾಗ ಹೋಗುತ್ತದೆ.

ಅಪರೂಪಕ್ಕೆ ಒಂದೆರಡು ಸಲ ಟಿಣ್ ಎಂದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಆದರೆ ಕಿಲೋಮೀಟರುಗಟ್ಟಲೆ ಹೀಗೇ ಹೊಡೆದುಕೊಂಡರೆ ಪಿಸ್ಟನ್ನಿನ ತಲೆಯ ಅಂಚು ಇಲಿ ಕಡಿದಂತೆ ಸವೆಯುತ್ತದೆ, ರಿಂಗ್ ಕೂರುವ ತೋಡು ಮುರಿಯುತ್ತದೆ, ಕೆಲವೊಮ್ಮೆ ಹೆಡ್ ಗ್ಯಾಸ್ಕೆಟ್ಟೂ ಹೋಗುತ್ತದೆ. ಇದನ್ನು ತಡೆಯಲೆಂದೇ ಎಂಜಿನ್ನಿಗೆ ಒಂದು ಕಿವಿ ಇಟ್ಟಿರುವುದು. 1978ರಲ್ಲಿ ಅಮೆರಿಕದ ಬ್ಯೂಕ್ ತನ್ನ ಟರ್ಬೊ ವಿ6 ಕಾರುಗಳಲ್ಲಿ ಅಂಥ ಸಂವೇದಕವನ್ನು ಅಳವಡಿಸಿ ಮಾರಿತು. ಇಂದು ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು ಇದೆ. ಹೆಸರು ನಾಕ್ ಸೆನ್ಸರ್.

ನೋಡಲು ಅದು ನಡುವೆ ತೂತಿರುವ ಸಣ್ಣ ವಡೆಯಂತಿರುತ್ತದೆ. ತೂತಿನೊಳಗೆ ಒಂದು ಬೋಲ್ಟ್ ಹಾಯ್ದು ಅದನ್ನು ಎಂಜಿನ್ ಬ್ಲಾಕಿಗೆ ಬಿಗಿದಿರುತ್ತದೆ. ಒಳಗಿರುವ ಪೀಜೊ ಬಿಲ್ಲೆಯನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ. ಬ್ಲಾಕ್ ನಡುಗಿದಂತೆಲ್ಲ ಆ ಬಿಲ್ಲೆ ಸಣ್ಣ ವೋಲ್ಟೇಜನ್ನು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ಕಳಿಸುತ್ತದೆ. ವಾಲ್ವು ಕೂರುವ ಸದ್ದು, ಇಂಜೆಕ್ಟರಿನ ಚಟಚಟ ಎಲ್ಲ ಅದರೊಳಗೆ ಬೆರೆತಿರುವುದರಿಂದ, ಇಸಿಯು ಪ್ರತಿ ಸಿಲಿಂಡರಿನಲ್ಲೂ ಪಿಸ್ಟನ್ ತುದಿ ಮುಟ್ಟಿ ಕೆಳಗಿಳಿಯುವ ಹೊತ್ತಿನಲ್ಲಿ ಮಾತ್ರ ಕಿವಿಗೊಡುತ್ತದೆ. ಆ ಸಿಲಿಂಡರಿನ ಎಂದಿನ ಗದ್ದಲಕ್ಕಿಂತ ಮೊಳಗು ಜೋರಾದರೆ ಟೈಮಿಂಗನ್ನು ಎರಡು ಮೂರು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ಸದ್ದು ನಿಂತ ಮೇಲೆ ಚೂರುಚೂರಾಗಿ ಮರಳಿ ಮುಂದಕ್ಕೆ ತರುತ್ತದೆ. ಚಾಲಕನಿಗೆ ಇದು ಗೊತ್ತೂ ಆಗುವುದಿಲ್ಲ.

ಕಿವಿಯೇ ಕೆಟ್ಟರೆ? ಇಸಿಯು ಅಪಾಯಕ್ಕೆ ಕೈಹಾಕುವುದಿಲ್ಲ. ಯಾವ ಪೆಟ್ರೋಲಿಗೂ ಯಾವ ಬಿಸಿಲಿಗೂ ನಾಕ್ ಆಗದಷ್ಟು ಹಿಂದಕ್ಕೆ ಟೈಮಿಂಗನ್ನು ಹಾಕಿ ಸುಮ್ಮನಾಗುತ್ತದೆ. ಬೆಂಕಿ ತಡವಾಗಿ ಹತ್ತಿದಾಗ ಅದರ ಬಲ ಪಿಸ್ಟನ್ನಿಗೆ ಪೂರ್ತಿ ಸಿಗುವುದಿಲ್ಲ, ಉಳಿದ ಶಾಖ ಹೊಗೆಯ ಜೊತೆ ಸೈಲೆನ್ಸರಿನ ಕಡೆಗೆ ಹೋಗುತ್ತದೆ. ಪಿಕಪ್ ಕುಗ್ಗುವುದು, ಪೆಟ್ರೋಲ್ ಹೆಚ್ಚು ಕುಡಿಯುವುದು ಇದರಿಂದ. ಹಳೆಯ ಕೆಲವು ಟೊಯೋಟಾ ವಿ6 ಕಾರುಗಳಲ್ಲಿ ಈ ಸೆನ್ಸರ್ ಕೆಟ್ಟರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಓವರ್‌ಡ್ರೈವಿಗೇ ಹೋಗುವುದಿಲ್ಲ. ಮಾಲೀಕರು ಗೇರ್‌ಬಾಕ್ಸೇ ಹೋಯಿತೆಂದು ಹೆದರುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸದ್ದು ಬೇರೆ, ದೀಪ ಬೇರೆ. ಪಿಂಗಿಂಗ್ ಕೇಳುತ್ತಿದೆ, ದೀಪವಿಲ್ಲ ಎಂದರೆ ಕಿವಿ ಸರಿಯಿದ್ದು ಎಂಜಿನ್ನಿಗೇ ಕಾಯಿಲೆ ಇರಬಹುದು. ಒಳಗೆ ಕಟ್ಟಿದ ಕಾರ್ಬನ್, ಮಿತಿಮೀರಿದ ಬಿಸಿ, ತಪ್ಪು ಪ್ಲಗ್ಗು, ಪೆಟ್ರೋಲ್ ಸಾಲದೆ ತೆಳುವಾದ ಮಿಶ್ರಣ, ಇಂಥವು. ಇಸಿಯು ಟೈಮಿಂಗನ್ನು ಎಳೆಯುವಷ್ಟು ಎಳೆದರೂ ಸಾಲುತ್ತಿಲ್ಲ ಎಂದು ಅರ್ಥ. ದೀಪ ಹತ್ತಿದೆ, ಪಿಕಪ್ ಇಲ್ಲ, ಸದ್ದೂ ಇಲ್ಲ ಎಂದರೆ ಕಿವಿಯದ್ದೇ ದೋಷ. ಮೇಲಿನ ಕಾರಿನದು ಮೂರನೆಯ ಬಗೆ. ಮೊದಲು ಪಿಂಗಿಂಗ್, ಆಮೇಲೆ ದೀಪ. ಕಿವಿ ಪೂರ್ತಿ ಸತ್ತಿಲ್ಲ, ಮಂದವಾಗಿದೆ. ನಾಕ್ ಆಗುತ್ತಿದ್ದರೂ ಇಸಿಯುಗೆ ಸರಿಯಾಗಿ ಕೇಳುತ್ತಿಲ್ಲ, ಆದ್ದರಿಂದ ಅದು ಟೈಮಿಂಗನ್ನು ಮುಂದೆಯೇ ಇಟ್ಟಿದೆ. ದಿನ ಕಳೆದಂತೆ ಸಿಗ್ನಲ್ ಇನ್ನೂ ಕುಗ್ಗಿ, ‘ಈ ವೇಗದಲ್ಲಿ ಇಷ್ಟಾದರೂ ಗದ್ದಲ ಕೇಳಬೇಕಿತ್ತು, ಕೇಳುತ್ತಿಲ್ಲ’ ಎಂದು ಇಸಿಯುಗೆ ಖಾತ್ರಿಯಾದ ಮೇಲೆ ಸುರಕ್ಷಿತ ಟೈಮಿಂಗಿಗೆ ಹೋಗಿದೆ, ದೀಪ ಹಚ್ಚಿದೆ. ಸುಮ್ಮನೆ ನಿಂತು ಗುರುಗುಡುವ ಎಂಜಿನ್ನಿನಲ್ಲಿ ಗದ್ದಲವೇ ಕಡಿಮೆ. ಹಾಗಾಗಿ ಹಲವು ಕಾರುಗಳಲ್ಲಿ ಈ ಪರೀಕ್ಷೆ ನಡೆಯುವುದು ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಊರೊಳಗೆ ಹತ್ತದ ದೀಪ ಘಾಟಿಯಲ್ಲಿ ಹತ್ತುವುದು ಹೀಗೆ.

ಕಾರು ಹಾಸನದ ಗ್ಯಾರೇಜಿಗೆ ಬಂತು. ಸ್ಕ್ಯಾನರ್ ತೋರಿಸಿದ್ದು P0327. ನಾಕ್ ಸೆನ್ಸರ್ ಸಿಗ್ನಲ್ ಕಡಿಮೆ ಎಂದು ಅದರ ಅರ್ಥ. ಸೆನ್ಸರ್ ಸತ್ತಿದೆ ಎಂದು ಅದು ಹೇಳುತ್ತಿಲ್ಲ. ಬಹಳ ಕಡೆ ಈ ವ್ಯತ್ಯಾಸ ನೋಡದೆ ಹೊಸ ಸೆನ್ಸರ್ ಹಾಕಿಬಿಡುತ್ತಾರೆ, ಹದಿನೈದು ದಿನಕ್ಕೆ ದೀಪ ಮತ್ತೆ ಹತ್ತುತ್ತದೆ.

“ಸೆನ್ಸರ್ ಹೋಗಿದ್ಯೇನಣ್ಣ?” ಎಂದು ಚಾಲಕ ಕೇಳಿದ.

“ಇರಿ ಸಾರ್, ಮೊದ್ಲು ವೈರಿಂಗ್ ನೋಡಣ. ಈಚೆಗೆ ಆ ಕಡೆ ಯಾರಾದ್ರೂ ಕೈ ಹಾಕಿದ್ರಾ?”

ತಿಂಗಳ ಹಿಂದೆ ಬೇರೊಂದು ಊರಿನಲ್ಲಿ ಸ್ಟಾರ್ಟರ್ ಮೋಟರ್ ಬಿಚ್ಚಿ ರಿಪೇರಿ ಮಾಡಿಸಿದ್ದು ಆಗ ಅವನಿಗೆ ನೆನಪಾಯಿತು.

ಮೆಕ್ಯಾನಿಕ್ ಕಪ್ಲರ್ ಬಿಚ್ಚಿ ನೋಡಿದ. ಪಿನ್ನುಗಳಲ್ಲಿ ಹಸಿರು ಕಿಲುಬಿಲ್ಲ. ವೈರನ್ನು ಇಲಿ ಕಡಿದಿಲ್ಲ. ಈ ವೈರಿನ ಸುತ್ತ ಒಂದು ಲೋಹದ ಜಾಲರಿ ಇರುತ್ತದೆ, ಅದು ಇಗ್ನಿಷನ್ನಿನ ವಿದ್ಯುತ್ ಗದ್ದಲವನ್ನು ಸಿಗ್ನಲ್ಲಿನೊಳಗೆ ಬಿಡುವುದಿಲ್ಲ. ಅದೂ ಗಟ್ಟಿಯಾಗಿತ್ತು. ಇಸಿಯುವರೆಗೆ ಮೀಟರ್ ಹಿಡಿದರೆ ಎರಡೂ ತಂತಿಗಳಲ್ಲಿ ತಡೆಯಿಲ್ಲ. ಸೆನ್ಸರಿನ ರೋಧ ಕೈಪಿಡಿಯಲ್ಲಿ ಹೇಳಿದಷ್ಟೇ ಇತ್ತು. ಈ ಅಳತೆ ಕಾರಿನಿಂದ ಕಾರಿಗೆ ಬೇರೆ. ಟೊಯೋಟಾದ ಹಲವು ಸೆನ್ಸರುಗಳಲ್ಲಿ 120ರಿಂದ 280 ಕಿಲೊ ಓಮ್, ಮತ್ತೆ ಕೆಲವು ತಯಾರಕರದ್ದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಕೈಪಿಡಿ ನೋಡದೆ ತೀರ್ಪು ಕೊಡುವಂತಿಲ್ಲ.

ಮುಂದೆ ಅವನು ಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು, ಸೆನ್ಸರಿನ ಪಕ್ಕದ ಬ್ಲಾಕಿಗೆ ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದ. ಸೆನ್ಸರಿಗೇ ಹೊಡೆಯಬಾರದು, ಬಿಲ್ಲೆ ಒಡೆದೀತು. ತಟ್ಟಿದಾಗ ಅಂಕಿ ಚಿಮ್ಮಬೇಕಿತ್ತು. ಅದು ಬರೀ ಮಿಸುಕಾಡಿತು. ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಎರಡೇ ಬೆರಳಿಗೆ ತಿರುಗಿತು. ಬಿಚ್ಚಿದಾಗ ಸೆನ್ಸರ್ ಮತ್ತು ಬ್ಲಾಕಿನ ನಡುವೆ ತುಕ್ಕು ಹಿಡಿದ ಒಂದು ಸ್ಪ್ರಿಂಗ್ ವಾಷರ್! ಸಡಿಲವಾಗದಿರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದರು. ಆದರೆ ಈ ಸೆನ್ಸರಿಗೆ ವಾಷರ್, ಬಣ್ಣ, ಗ್ರೀಸು ಯಾವುದೂ ನಡುವೆ ಬರಕೂಡದು. ಲೋಹಕ್ಕೆ ಲೋಹ ಅಂಟಿದರೆ ಮಾತ್ರ ಸೂಕ್ಷ್ಮ ನಡುಕ ಬಿಲ್ಲೆಯವರೆಗೆ ತಲುಪುತ್ತದೆ.

ಬಿಗಿಗೂ ಲೆಕ್ಕವಿದೆ. ಈ ಬಗೆಯ ಸೆನ್ಸರಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್. ಒಂದು ಗೇಣಿನಷ್ಟು ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು ಹತ್ತು ಕಿಲೊ ತೂಗುಹಾಕಿದಷ್ಟು. ಕಡಿಮೆಯಾದರೆ ಕಿವಿ ಮಂದ. ಅತಿಯಾದರೆ ಒಳಗಿನ ಬಿಲ್ಲೆಯ ಮೇಲಿನ ಒತ್ತಡ ಬದಲಾಗಿ ಸಿಗ್ನಲ್ಲೇ ತಪ್ಪುತ್ತದೆ, ಸೆನ್ಸರ್ ಬಿರುಕು ಬಿಡಲೂಬಹುದು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸದಿರುವುದೇ ಮೇಲು.

ನೀರಿನ ವಿಷಯವೂ ಇಲ್ಲಿ ಬರಬೇಕು. ಈ ದೋಷ ಅತಿ ಹೆಸರುವಾಸಿಯಾದದ್ದು 1999ರಿಂದ ಬಂದ ಶೆವ್ರೊಲೆ ಸಿಲ್ವರಾಡೊ ಮತ್ತು ಅದೇ 5.3 ಲೀಟರಿನ ವಿ8 ಎಂಜಿನ್ ಇದ್ದ ಗಾಡಿಗಳಲ್ಲಿ. ಅವುಗಳ ಎರಡೂ ನಾಕ್ ಸೆನ್ಸರುಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿ, ಬಾವಿಯಂಥ ಗುಳಿಗಳಲ್ಲಿ ಕೂತಿದ್ದವು. ರಬ್ಬರ್ ಮುಚ್ಚಳದ ಸಂದಿನಿಂದ ಇಳಿದ ನೀರು ಹಿಂದಿನ ಗುಳಿಯಲ್ಲಿ ನಿಂತು ಸೆನ್ಸರ್ ತುಕ್ಕು ಹಿಡಿಯುತ್ತಿತ್ತು. ಸೆನ್ಸರ್ ಬದಲಿಸುವುದರ ಜೊತೆಗೆ ಆ ಗುಳಿಯ ಬಳಿ ಸಿಲಿಕಾನ್ ಸೀಲಂಟಿನ ಸಣ್ಣ ಏರಿ ಕಟ್ಟಿ ನೀರನ್ನು ತಿರುಗಿಸುವಂತೆ ಕಂಪನಿಯೇ ತನ್ನ ಮೆಕ್ಯಾನಿಕ್‌ಗಳಿಗೆ ತಿಳಿಸಿತು. ಮುಂದಿನ ಪೀಳಿಗೆಯ ಎಂಜಿನ್ನುಗಳಲ್ಲಿ ಸೆನ್ಸರುಗಳು ಬ್ಲಾಕಿನ ಎರಡು ಪಕ್ಕೆಗಳಿಗೆ ಬಂದವು. ನಮ್ಮಲ್ಲಿ ಎಂಜಿನ್ನಿಗೇ ಪಂಪಿನ ನೀರು ಹೊಡೆಸುವವರು ಕಪ್ಲರುಗಳಿಗೆ ಅದೇ ಗತಿ ತರುತ್ತಾರೆ.

ಪೆಟ್ರೋಲನ್ನೂ ದೂರುವುದುಂಟು. ಆದರೆ ಎಥೆನಾಲ್ ಬೆರೆತಷ್ಟೂ ನಾಕ್ ತಡೆಯುವ ಗುಣ ಹೆಚ್ಚುತ್ತದೆ. ಹಿಂದೆ 91 ಇದ್ದ ಆಕ್ಟೇನ್ ಮಟ್ಟ ಇ20 ಪೆಟ್ರೋಲಿನಲ್ಲಿ 95. ಹಳೆಯ ಕಾರಿನ ರಬ್ಬರ್ ಭಾಗ, ಮೈಲೇಜಿನ ಚರ್ಚೆ ಬೇರೆ. 91ಕ್ಕೆ ಸರಿಹೊಂದುವ ಕಾರು ಇ20ಯಲ್ಲೂ ಪಿಂಗಿಂಗ್ ಮಾಡುತ್ತಿದ್ದರೆ ಕಾರಣವನ್ನು ಬಂಕಿಗಿಂತ ಬಾನೆಟ್ಟಿನ ಅಡಿಯಲ್ಲೇ ಹುಡುಕುವುದು ಸರಿ.

ಏರಿನ ನಡುವೆ ಹೀಗಾದರೆ ಗೇರ್ ಇಳಿಸಬೇಕು, ಕಾಲು ಸಡಿಲಿಸಬೇಕು. ದೀಪ ಒಂದೇ ಸಮ ಉರಿಯುತ್ತಿದ್ದು ಎಂಜಿನ್ ಬಿಸಿಯಾಗಿಲ್ಲವಾದರೆ ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ಮಿಣುಕುತ್ತಿದ್ದರೆ ಅದು ಬೇರೆಯದೇ ಸುದ್ದಿ, ಮಿಸ್‌ಫೈರ್. ಆಗ ಬದಿಗೆ ನಿಲ್ಲಿಸಬೇಕು.

ಹಾಸನದ ಗ್ಯಾರೇಜಿನಲ್ಲಿ ಬ್ಲಾಕಿನ ಮುಖ ಒರೆಸಿ, ವಾಷರ್ ತೆಗೆದು, ಅದೇ ಹಳೆಯ ಸೆನ್ಸರನ್ನು 20ಕ್ಕೆ ಬಿಗಿದರು. ತಟ್ಟಿದಾಗ ಈ ಸಲ ಮೀಟರ್ ಚಿಮ್ಮಿತು. ಕೋಡ್ ಅಳಿಸುವ ಮೊದಲೇ ಮೆಕ್ಯಾನಿಕ್ ಒಂದು ಏರಿನಲ್ಲಿ ಸ್ಕ್ಯಾನರ್ ಹಾಕಿಕೊಂಡು ಕಾರು ಓಡಿಸಿ ಬರೆದಿಟ್ಟುಕೊಂಡಿದ್ದ: ಮೂರನೇ ಗೇರ್, 2500 ಸುತ್ತು, ಟೈಮಿಂಗ್ 8 ಡಿಗ್ರಿಯಲ್ಲಿ ಕಚ್ಚಿಕೊಂಡಿದೆ. ಅಳಿಸಿದ ಮೇಲೆ ಅದೇ ಏರು, ಅದೇ ಗೇರ್, ಅಷ್ಟೇ ಸುತ್ತು. ಅಂಕಿ 17ರ ಆಸುಪಾಸಿನಲ್ಲಿ ಆಡುತ್ತಿತ್ತು. ಕಾಲು ಪೂರ್ತಿ ಒತ್ತಿದಾಗ ಮಾತ್ರ 14ಕ್ಕೆ ಇಳಿದು ಮೆಲ್ಲಗೆ ಮರಳಿ ಏರಿತು. ಹುಣಸೆ ಬೀಜದ ಸದ್ದು ಕೇಳಲಿಲ್ಲ.